ಒಂಬತ್ತು ಪಿನ್, ಹತ್ತೊಂಬತ್ತು ಪಿನ್: ಕ್ಯಾಬಿನೆಟ್‌ನ ಮುಂದಿನ ಯುಎಸ್‌ಬಿ ಪೋರ್ಟ್‌ಗೆ ಪವರ್ ಉಲ್ಟಾ ಆಗದಂತೆ ವೈರ್ ಹಾಕುವುದು

ಹಳೆ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್ ಕೂರಿಸುವಾಗ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಪ್ರೊಸೆಸರ್‌ಗಲ್ಲ, ಮುಂದಿನ ಎರಡು ಯುಎಸ್‌ಬಿ ಪೋರ್ಟ್‌ಗಳಿಂದ ಬರುವ ವೈರ್‌ಗಳಿಗೆ. ಇಲ್ಲಿ ತಪ್ಪಾದರೆ ಮೊದಲು ಹೋಗುವುದು ಅದಕ್ಕೆ ಚುಚ್ಚಿದ ಪೆನ್‌ಡ್ರೈವ್, ಅದರೊಳಗಿನ ಫೈಲ್‌ಗಳ ಸಮೇತ.

ಈ ವೈರ್‌ಗಳು ಮದರ್‌ಬೋರ್ಡ್ ಮೇಲೆ ಕೂರುವ ಪಿನ್‌ಗಳ ಗುಂಪೇ ಹೆಡರ್. ಯುಎಸ್‌ಬಿ 2.0 ಹೆಡರ್‌ನಲ್ಲಿ ಐದೈದರ ಎರಡು ಸಾಲು. ಪಿನ್‌ಗಳ ನಡುವೆ 2.54 ಮಿ.ಮೀ. ಅಂತರ. ಹತ್ತು ಜಾಗದಲ್ಲಿ ಒಂದು ಖಾಲಿ, ಅದಕ್ಕೇ ಒಂಬತ್ತು ಪಿನ್. ಖಾಲಿ ಇರುವುದು 9ನೆಯ ಜಾಗ.

```
1 VCC    2 VCC
3 D-     4 D-
5 D+     6 D+
7 GND    8 GND
         10 NC
```

VCC ಎಂದರೆ 5 ವೋಲ್ಟ್ ಪವರ್, D- ಮತ್ತು D+ ಡೇಟಾ, GND ಗ್ರೌಂಡ್, NC ಎಲ್ಲಿಗೂ ಸೇರದ ಪಿನ್. ಒಂದೊಂದು ಸಾಲು ಒಂದೊಂದು ಪೋರ್ಟ್. ವೈರ್‌ಗಳ ಬಣ್ಣ ಸಾಮಾನ್ಯವಾಗಿ ಕೆಂಪು, ಬಿಳಿ, ಹಸಿರು, ಕಪ್ಪು, ಇದೇ ಕ್ರಮದಲ್ಲಿ. ಪಿನ್ ಖಾಲಿ ಇರುವ ತುದಿಯ ಕಡೆಗೆ ಕಪ್ಪು, ಅದರ ಎದುರು ತುದಿಗೆ ಕೆಂಪು ಎಂದು ನೆನಪಿಟ್ಟರೆ ಸಾಕು, ಸಂಖ್ಯೆ ಹುಡುಕಬೇಕಿಲ್ಲ.

ಕ್ಯಾಬಿನೆಟ್ ವೈರ್‌ಗಳ ತುದಿಯಲ್ಲಿ ಹತ್ತು ರಂಧ್ರದ ಒಂದೇ ಬ್ಲಾಕ್ ಇದ್ದು, ಅದರ ಒಂದು ರಂಧ್ರ ಮುಚ್ಚಿದ್ದರೆ ತಪ್ಪು ಮಾಡುವುದು ಕಷ್ಟ. ತಿರುಗಿಸಿ ಹಾಕಲು ಹೋದರೆ ಮುಚ್ಚಿದ ರಂಧ್ರಕ್ಕೆ 2ನೆಯ ಪಿನ್ ತಾಗಿ ನಿಲ್ಲುತ್ತದೆ. ರಂಧ್ರ ಮುಚ್ಚಿರದ ಬ್ಲಾಕ್ ತಿರುಗಿ ಕೂತರೂ, ಎರಡು ಕೆಂಪು ವೈರ್‌ಗಳಲ್ಲಿ ಒಂದು 10ನೆಯ ಪಿನ್‌ಗೆ, ಇನ್ನೊಂದು ಖಾಲಿ ಜಾಗಕ್ಕೆ ಹೋಗುತ್ತದೆ. ಪೋರ್ಟ್‌ಗೆ ಪವರ್ರೇ ಬರುವುದಿಲ್ಲ, ಅಷ್ಟೆ. ಆದರೆ ಬ್ಲಾಕ್‌ನ 10ನೆಯ ರಂಧ್ರಕ್ಕೆ ಶೀಲ್ಡ್ ವೈರ್ ಬಂದಿದ್ದರೆ ಕಥೆ ಬೇರೆ: ಆ ವೈರ್ ಈಗ 1ನೆಯ ಪಿನ್‌ನ 5 ವೋಲ್ಟ್ ಮೇಲೆ ಕೂರುತ್ತದೆ, ಅದರ ಇನ್ನೊಂದು ತುದಿ ಪೋರ್ಟ್‌ನ ಲೋಹದ ಚಿಪ್ಪಿನ ಮೂಲಕ ಕ್ಯಾಬಿನೆಟ್‌ಗೆ ತಾಗಿರುತ್ತದೆ. ನೇರ ಶಾರ್ಟ್.

ನಿಜವಾಗಿ ಪವರ್ ಉಲ್ಟಾ ಮಾಡುವುದು ನಾಲ್ಕು ರಂಧ್ರದ ಪಟ್ಟಿ. ಹಳೆ ಕ್ಯಾಬಿನೆಟ್‌ಗಳಲ್ಲಿ ಒಂದೊಂದು ಪೋರ್ಟ್‌ಗೆ ಇಂಥ ಒಂದೊಂದು ಪಟ್ಟಿ ಬರುತ್ತದೆ, ಮುಚ್ಚಿದ ರಂಧ್ರ ಇರುವುದಿಲ್ಲ, ಎರಡೂ ಕಡೆಯಿಂದ ಸಲೀಸಾಗಿ ಕೂರುತ್ತದೆ. 1-3-5-7 ಸಾಲಿಗೆ ಅದನ್ನು ತಿರುಗಿಸಿ ಹಾಕಿದರೆ ಕೆಂಪು ವೈರ್ ಗ್ರೌಂಡ್‌ಗೆ, ಕಪ್ಪು ವೈರ್ 5 ವೋಲ್ಟ್‌ಗೆ. ಎರಡು ಡೇಟಾ ವೈರ್‌ಗಳೂ ಅದಲುಬದಲು. ಪೋರ್ಟ್ ಖಾಲಿ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದ ಕ್ಷಣ ಅದರೊಳಗೆ ಕರೆಂಟ್ ಹಿಂದುಮುಂದಾಗಿ ಹರಿದು ಚಿಪ್ ಬಿಸಿಯಾಗುತ್ತದೆ. ಪೆನ್‌ಡ್ರೈವ್‌ನ ಲೋಹದ ಚಿಪ್ಪು ಅದರ ಗ್ರೌಂಡ್‌ಗೆ ಸೇರಿದ್ದರೆ 5 ವೋಲ್ಟ್ ಸೀದಾ ಕ್ಯಾಬಿನೆಟ್‌ಗೆ ಇಳಿಯುತ್ತದೆ. ಆಗ ಕೆಲವು ಬೋರ್ಡ್‌ಗಳು ಪರದೆ ಮೇಲೆ `USB Device Over Current Status Detected` ಎಂದು ತೋರಿಸಿ ತಾವೇ ಆಫ್ ಆಗುತ್ತವೆ. ಹಾಗೆ ಬಂದರೆ ಬೋರ್ಡ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಮುಂದಿನ ಪೋರ್ಟ್‌ನ ಕನೆಕ್ಟರ್ ಕಿತ್ತು ನೋಡಿ.

ನಾಲ್ಕು ರಂಧ್ರದ ಎರಡು ಪಟ್ಟಿ ಇರುವ ಕ್ಯಾಬಿನೆಟ್‌ಗೆ ನಾನು ಮಾಡುವ ಕ್ರಮ ಹೀಗೆ. ಬೇಕಾದದ್ದು ಒಂದು ಸಾಮಾನ್ಯ ಮಲ್ಟಿಮೀಟರ್ ಮತ್ತು ಕತ್ತರಿಸಿದ ಒಂದು ಹಳೆ ಯುಎಸ್‌ಬಿ ಕೇಬಲ್. ಕೇಬಲ್‌ನ ಕೆಂಪು, ಕಪ್ಪು ವೈರ್‌ಗಳ ತುದಿ ಅರ್ಧ ಸೆಂ.ಮೀ. ಸುಲಿದು, ಒಂದಕ್ಕೊಂದು ತಾಗದಂತೆ ರಟ್ಟಿನ ತುಂಡಿಗೆ ಟೇಪ್ ಹಚ್ಚಿ ಅಂಟಿಸುತ್ತೇನೆ. ಬಿಳಿ, ಹಸಿರು ವೈರ್‌ಗಳನ್ನು ಬೇರೆ ಬೇರೆಯಾಗಿ ಟೇಪ್ ಸುತ್ತಿ ಬಿಡುತ್ತೇನೆ. ಅಗ್ಗದ ಕೇಬಲ್‌ಗಳಲ್ಲಿ ಬಣ್ಣ ನಂಬುವಂತಿಲ್ಲ, ಹಾಗಾಗಿ ಮೊದಲು ಅದನ್ನು ಬೋರ್ಡ್‌ನ ಹಿಂದಿನ ಪೋರ್ಟ್‌ಗೆ ಚುಚ್ಚಿ ಕಂಪ್ಯೂಟರ್ ಆನ್ ಮಾಡಿ ಅಳೆಯುತ್ತೇನೆ. ಆ ಪೋರ್ಟ್ ಬೋರ್ಡ್‌ಗೇ ಬೆಸುಗೆಯಾಗಿ ಬಂದದ್ದು, ಉಲ್ಟಾ ಇರುವ ಪ್ರಶ್ನೆಯಿಲ್ಲ. ಮೀಟರ್‌ನ ಕೆಂಪು ಮೊನೆ ಕೆಂಪು ವೈರ್‌ಗೆ, ಕಪ್ಪು ಮೊನೆ ಕಪ್ಪು ವೈರ್‌ಗೆ ಇಟ್ಟಾಗ 5 ವೋಲ್ಟ್ ಆಸುಪಾಸು ಬಂದರೆ ಕೇಬಲ್ ಸರಿ.

ಆಮೇಲೆ ಎಸ್‌ಎಂಪಿಎಸ್‌ನ ಪವರ್ ಕಾರ್ಡನ್ನೇ ಕಿತ್ತು ಒಂದು ನಿಮಿಷ ಬಿಡಬೇಕು. ಕಂಪ್ಯೂಟರ್ ಆಫ್ ಇದ್ದರೂ ಎಷ್ಟೋ ಬೋರ್ಡ್‌ಗಳಲ್ಲಿ ಈ ಹೆಡರ್‌ಗೆ ಸ್ಟ್ಯಾಂಡ್‌ಬೈ 5 ವೋಲ್ಟ್ ಬರುತ್ತಲೇ ಇರುತ್ತದೆ.

ಈಗ ಮೀಟರನ್ನು ಬೀಪ್ ಮೋಡ್‌ಗೆ ತಿರುಗಿಸಿ, ಕತ್ತರಿಸಿದ ಕೇಬಲನ್ನು ಮುಂದಿನ ಪೋರ್ಟ್‌ಗೆ ಚುಚ್ಚಿ, ಅದರ ಕೆಂಪು ವೈರ್ ಪಟ್ಟಿಯ ಯಾವ ರಂಧ್ರಕ್ಕೆ ಬೀಪ್ ಕೊಡುತ್ತದೆ ನೋಡುತ್ತೇನೆ. ರಂಧ್ರದೊಳಕ್ಕೆ ಮೀಟರ್ ಮೊನೆ ತುರುಕಿದರೆ ಒಳಗಿನ ತಗಡು ಅಗಲವಾಗಿ ಆಮೇಲೆ ಸಡಿಲವಾಗುತ್ತದೆ. ಪಟ್ಟಿಯ ಪಕ್ಕದ ಕಿಂಡಿಯಲ್ಲಿ ಕಾಣುವ ಲೋಹಕ್ಕೆ ತಾಗಿಸಿದರೆ ಸಾಕು. ಕೆಂಪು ಸಿಕ್ಕ ತುದಿಗೆ ಮಾರ್ಕರ್‌ನಲ್ಲಿ ಚುಕ್ಕೆ. ಬೋರ್ಡ್ ಕಡೆ ಕ್ಯಾಬಿನೆಟ್‌ನ ಸ್ಕ್ರೂಗೂ ಹೆಡರ್‌ನ 7, 8ನೆಯ ಪಿನ್‌ಗಳಿಗೂ ಬೀಪ್ ಬರಬೇಕು. ಬಂದರೆ ಗ್ರೌಂಡ್ ತುದಿ ಯಾವುದೆಂದು ಖಾತ್ರಿ. ಚುಕ್ಕೆ ಇರುವ ತುದಿ ಅದರ ಎದುರು ಕಡೆ, 1 ಮತ್ತು 2ರ ಮೇಲೆ ಬರುವಂತೆ ಎರಡೂ ಪಟ್ಟಿ ಕೂರಿಸಿದರೆ 10ನೆಯ ಪಿನ್ ಒಂದೇ ಬರಿದಾಗಿ ಉಳಿಯುತ್ತದೆ. ಹಾಗೆ ಉಳಿಯದಿದ್ದರೆ ಒಂದು ಪಟ್ಟಿ ಒಂದು ಮನೆ ಸರಿದು 4-6-8-10ರ ಮೇಲೆ ಕೂತಿದೆ ಎಂದರ್ಥ. ಸರಿ ಕೂತ ಮೇಲೆ ಎರಡನ್ನೂ ಸೇರಿಸಿ ಟೇಪ್ ಸುತ್ತಿಬಿಡುತ್ತೇನೆ, ಮುಂದೆ ಯಾರು ಕಿತ್ತರೂ ಒಟ್ಟಿಗೇ ಬರಲಿ ಎಂದು.

ಹಳೆ ಬೋರ್ಡ್‌ಗಳಲ್ಲಿ ಒಂದು ಅಪಾಯ ಇದೆ. ಫೈರ್‌ವೈರ್ ಹೆಡರ್ ಕೂಡ ಐದೈದರ ಎರಡು ಸಾಲು, ಖಾಲಿ ಇರುವುದೂ ಅದೇ 9ನೆಯ ಜಾಗ, ಆದರೆ ಅದರಲ್ಲಿ 12 ವೋಲ್ಟ್ ಇರುತ್ತದೆ. ಬೋರ್ಡ್ ಮೇಲೆ 1394 ಎಂದು ಅಚ್ಚಾಗಿದ್ದರೆ ಯುಎಸ್‌ಬಿ ವೈರ್ ಅಲ್ಲಿಗೆ ಹೋಗಲೇಬಾರದು.

ಹತ್ತೊಂಬತ್ತು ಪಿನ್‌ನದು ಯುಎಸ್‌ಬಿ 3.0 ಹೆಡರ್. ಹತ್ತತ್ತರ ಎರಡು ಸಾಲು, ಅಂತರ 2 ಮಿ.ಮೀ., ಸುತ್ತ ಪ್ಲಾಸ್ಟಿಕ್ ಗೋಡೆ, ಒಂದು ಕಡೆ ಕಚ್ಚು. ಇಲ್ಲಿ ಸಂಖ್ಯೆ ಸುತ್ತಿಕೊಂಡು ಹೋಗುತ್ತದೆ: 1ರ ಎದುರಿಗೆ 20, 10ರ ಎದುರಿಗೆ 11. ಖಾಲಿ ಜಾಗ 20, ಪವರ್ 1 ಮತ್ತು 19ರಲ್ಲಿ. ಕಚ್ಚು ಇರುವುದರಿಂದ ತಿರುಗಿಸಿ ಹಾಕುವುದು ಅಪರೂಪ, ಇಲ್ಲಿನ ನಿಜವಾದ ಕಾಟ ಪಿನ್ ಬಾಗುವುದು. ದಪ್ಪ ಕೇಬಲ್ ಒಂದು ಪಕ್ಕಕ್ಕೆ ಎಳೆಯುತ್ತಿರುವಾಗ ಒತ್ತಿದರೆ ಮೂಲೆಯ ಪಿನ್ ಮಲಗುತ್ತದೆ, ಪವರ್ ಪಿನ್‌ಗಳು ಇರುವುದೂ ಆ ತುದಿಯಲ್ಲೇ. ಮಲಗಿದ ಪಿನ್ ಪಕ್ಕದ್ದಕ್ಕೆ ತಾಗಿದರೆ 5 ವೋಲ್ಟ್ ಡೇಟಾ ಪಿನ್‌ಗೆ ಹೋಗುತ್ತದೆ. ಹಾಗಾಗಿ ಒತ್ತುವ ಮೊದಲು ಟಾರ್ಚ್ ಬಿಟ್ಟು ಎರಡೂ ಸಾಲು ನೆಟ್ಟಗಿವೆಯೇ ನೋಡಬೇಕು. ಬಾಗಿದ್ದನ್ನು ಸೀಸ ತೆಗೆದ ಪೆನ್ ಪೆನ್ಸಿಲ್‌ನ ಟೊಳ್ಳು ಮೊನೆಯಿಂದ ನಿಧಾನವಾಗಿ ಎತ್ತಬಹುದು, ಆದರೆ ಹಿಂದೆಮುಂದೆ ಆಡಿಸಿದರೆ ಮುರಿಯುತ್ತದೆ. ಕನೆಕ್ಟರ್ ಕೀಳುವಾಗ ಇನ್ನೊಂದು ಕೈಯಲ್ಲಿ ಹೆಡರ್‌ನ ಗೋಡೆಯನ್ನು ಬೋರ್ಡ್‌ಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗೋಡೆಯೇ ಕಿತ್ತು ಬರುತ್ತದೆ.

ಬೋರ್ಡ್‌ನಲ್ಲಿ ಒಂಬತ್ತು ಪಿನ್ ಮಾತ್ರ ಇದ್ದು ಕ್ಯಾಬಿನೆಟ್ ಹತ್ತೊಂಬತ್ತರದ್ದಾದರೆ ಅಡಾಪ್ಟರ್ ಸಿಗುತ್ತದೆ. ಕ್ಯಾಬಿನೆಟ್‌ನ ನೀಲಿ ಯುಎಸ್‌ಬಿ 3.0 ಪೋರ್ಟ್ ಕೆಲಸ ಮಾಡುತ್ತದೆ, ಆದರೆ 5 ಜಿಬಿಪಿಎಸ್ ಬದಲು 480 ಎಂಬಿಪಿಎಸ್ ವೇಗದಲ್ಲಿ, ಏಕೆಂದರೆ ವೇಗದ ವೈರ್‌ಗಳಿಗೆ ಆ ಹೆಡರ್‌ನಲ್ಲಿ ಪಿನ್‌ಗಳೇ ಇಲ್ಲ.

ಯಾವ ಹೆಡರ್ ಆದರೂ ಕೊನೆಯ ಪರೀಕ್ಷೆ ಒಂದೇ. ಕಂಪ್ಯೂಟರ್ ಆನ್ ಮಾಡಿ, ಕತ್ತರಿಸಿದ ಕೇಬಲನ್ನು ಮುಂದಿನ ಒಂದೊಂದೇ ಪೋರ್ಟ್‌ಗೆ ಚುಚ್ಚಿ ಅಳೆಯುವುದು. 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಸೊನ್ನೆ ಬಂದರೆ ವೈರ್ ಸರಿದಿದೆ, ಅಂಕಿಯ ಮುಂದೆ ಮೈನಸ್ ಬಂದರೆ ಪಟ್ಟಿ ತಿರುಗಿದೆ. ಕಪ್ಪು ವೈರ್‌ಗೂ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೂ ನಡುವೆ ಸೊನ್ನೆ ಇರಬೇಕು. ಎರಡೂ ಪೋರ್ಟ್‌ಗಳಲ್ಲಿ ಇಷ್ಟು ಸರಿ ಬಂದ ಮೇಲೆಯೇ ಪೆನ್‌ಡ್ರೈವ್ ಚುಚ್ಚುವುದು, ಅದೂ ಮೊದಲ ಸಲ ಖಾಲಿ ಪೆನ್‌ಡ್ರೈವ್.