ಬೀಟೆ ಕಪಾಟು ನಮ್ಮ ಹಾಲ್‌ನಲ್ಲಿ ಕೂತ ಕಥೆ

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಒಂದು ಬೀಟೆ ಕಪಾಟು ಇತ್ತು. ಆರೂವರೆ ಅಡಿ ಅಗಲ, ಏಳು ಅಡಿ ಎತ್ತರ, ಎರಡು ಅಡಿ ಆಳ. ಮನೆ ಪಾಲಾದಾಗ ಅದು ನಮಗೆ ಬಂತು. ಶಿವಮೊಗ್ಗದ ಮನೆಗೆ ತಂದು ಇಳಿಸುವಷ್ಟರಲ್ಲಿ ಆರು ಜನ ಸುಸ್ತಾಗಿದ್ದರು. ನಾನು ಮನೆಗಳ ಒಳಾಂಗಣದ ಕೆಲಸ ಮಾಡುವವಳು. ಎಲ್ಲಿಡಬೇಕು ಅಂತ ಹೆಚ್ಚು ಯೋಚಿಸಲಿಲ್ಲ. ಬಾಗಿಲಿಗೆ ಎದುರಾಗಿರುವ ಗೋಡೆಗೆ ಇಡಿಸಿದೆ. ಒಳಗೆ ಬಂದವರಿಗೆ ಮೊದಲು ಕಾಣಲಿ ಅನ್ನುವ ಆಸೆ.

ಎರಡು ದಿನ ಬಿಟ್ಟು ಅಮ್ಮ ಹೇಳಿದರು, "ಒಳಗೆ ಬಂದ್ರೆ ಯಾರೋ ಅಡ್ಡ ನಿಂತ ಹಾಗೆ ಆಗ್ತದೆ ಮಾರಾಯ್ತಿ. ಊರಲ್ಲಿ ಇದು ಇಷ್ಟು ದೊಡ್ಡದಿತ್ತಾ?"

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕಪಾಟು ಅದೇ. ಹಾಗಾದರೆ ಬದಲಾಗಿದ್ದು ಏನು?

ಟೇಪ್ ಹಿಡಿದು ಅಳೆದೆ. ಊರಿನ ನಡುಮನೆಯ ಆ ಗೋಡೆ 22 ಅಡಿ ಉದ್ದ, 9 ಅಡಿ ಎತ್ತರ. ಕಪಾಟು ಅದರ ಕಾಲು ಭಾಗಕ್ಕಿಂತ ಕಡಿಮೆ ಜಾಗ ಮುಚ್ಚುತ್ತಿತ್ತು. ಇಲ್ಲಿ ಹಾಲ್ 12 ಅಡಿಗೆ 16 ಅಡಿ. ಎದುರಿನ ಗೋಡೆ 12 ಅಡಿಯದು, ಎತ್ತರ ಒಂಬತ್ತೂವರೆ. ಲೆಕ್ಕ ಹಾಕಿದರೆ ಕಪಾಟು ಗೋಡೆಯ ನೂರಕ್ಕೆ 40 ಭಾಗ ತಿಂದಿತ್ತು.

ಆದರೆ ಅಳತೆ ಅರ್ಧ ಉತ್ತರ ಅಷ್ಟೇ. ಊರಿನಲ್ಲಿ ಆ ಕಪಾಟಿನ ಸುತ್ತ ಅದರಷ್ಟೇ ಕಪ್ಪಾದ, ದಪ್ಪನೆಯ ಮರ ಇತ್ತು. ಕಂಬ, ತೊಲೆ, ಬಾಗಿಲ ಚೌಕಟ್ಟು ಎಲ್ಲ. ನೆಲಕ್ಕೆ ಕೆಂಪು ಗಾರೆ. ಗೋಡೆಯೂ ಹೊಗೆ ಹಿಡಿದು ಮಾಸಿತ್ತು. ಕಪಾಟು ಆ ಗುಂಪಿನಲ್ಲಿ ಒಂದಾಗಿ ನಿಂತಿತ್ತು. ಇಲ್ಲಿ ಹಾಲಿನಂಥ ಬಿಳಿ ಗೋಡೆ, ಹೊಳೆಯುವ ಟೈಲ್ಸ್. ಬಿಳಿಯ ಮೇಲೆ ಕಪ್ಪು ಇಟ್ಟರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಜೊತೆಗೆ ಕಪಾಟಿನ ನೆರಳು ಟೈಲ್ಸ್‌ನಲ್ಲಿ ಪ್ರತಿಬಿಂಬವಾಗಿ ಬಿದ್ದು, ಅದು ನೆಲದೊಳಗೂ ಇಳಿದ ಹಾಗೆ ಕಾಣುತ್ತಿತ್ತು. ಕಪಾಟಿಗೆ ಕಾಲೂ ಇಲ್ಲ. ತಳ ನೇರ ನೆಲಕ್ಕೇ ಕೂತಿದೆ. ಕಾಲಿದ್ದು ಅಡಿಯಲ್ಲಿ ಆರೇಳು ಇಂಚು ಬೆಳಕು ಕಾಣುವ ವಸ್ತು, ಅದೇ ಅಳತೆಯದಾದರೂ, ಹಗುರ ಅನ್ನಿಸುತ್ತದೆ. ಕಣ್ಣಿಗೆ ತೂಗುವ ತೂಕ ಅಂದರೆ ಇದೇ. ತಕ್ಕಡಿಯ ತೂಕ ಬೇರೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ಕಡೆ ಇಷ್ಟು ಭಾರ ಇದೆಯಲ್ಲ, ಈ ಕಡೆಯೂ ಏನಾದರೂ ತುಂಬಿಸೋಣ ಅಂದುಕೊಂಡೆ. ಮನೆಯಲ್ಲಿದ್ದ ಸಣ್ಣ ಸಾಮಾನೆಲ್ಲ ಹೊರಗೆ ತೆಗೆದೆ. ಸಾಗರದ ಗುಡಿಗಾರರು ಕೆತ್ತಿದ ಗಂಧದ ಆನೆ, ಚನ್ನಪಟ್ಟಣದ ಬೊಂಬೆಗಳು, ಹಿತ್ತಾಳೆ ದೀಪ, ಮನೆಮಂದಿಯ ಹನ್ನೊಂದು ಫೋಟೋ, ಪುಟ್ಟ ಪುಟ್ಟ ಗಿಡದ ಕುಂಡ. ಗೋಡೆಯ ಮೇಲೆ ಫೋಟೋಗಳನ್ನು ಒಂದೊಂದು ಅಡಿ ಬಿಟ್ಟು ತೂಗುಹಾಕಿದೆ. ಉಳಿದದ್ದನ್ನು ಕಿಟಕಿ ದಂಡೆ, ಮೂರು ಸ್ಟೂಲು, ಟಿವಿ ಪಕ್ಕ ಅಂತ ಹಂಚಿದೆ.

ಸಮ ಆಗಲಿಲ್ಲ. ಕಪಾಟು ಇನ್ನೂ ದೊಡ್ಡದಾಯಿತು. ಯಾಕೆ ಅಂದರೆ, ಪಕ್ಕದಲ್ಲಿರುವುದನ್ನು ನೋಡಿಯೇ ಕಣ್ಣು ಅಳತೆ ಹಿಡಿಯುವುದು. ನಾಲ್ಕು ಇಂಚಿನ ಆನೆ ಎದುರಿಗಿದ್ದರೆ ಏಳು ಅಡಿಯ ಕಪಾಟು ಗುಡ್ಡ ಆಗುತ್ತದೆ. ಇನ್ನೊಂದು, ನಡುವೆ ಜಾಸ್ತಿ ಜಾಗ ಬಿಟ್ಟ ಸಣ್ಣ ವಸ್ತುಗಳು ಒಟ್ಟಾಗಿ ತೂಗುವುದಿಲ್ಲ. ಒಂದೊಂದೂ ಬೇರೆ ಬೇರೆ ಚುಕ್ಕೆಯಾಗಿ ಉಳಿಯುತ್ತದೆ. ಒಂದು ಕಡೆ ಕಣ್ಣು ಅಂಟಿಕೊಳ್ಳುತ್ತದೆ, ಇನ್ನೊಂದು ಕಡೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಮೊಬೈಲಿನಲ್ಲಿ ಕೋಣೆಯ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದೆ. ಬಣ್ಣ ಹೋದಾಗ ಸುಳ್ಳು ಉಳಿಯುವುದಿಲ್ಲ. ಒಂದು ದೊಡ್ಡ ಕಪ್ಪು ಚೌಕ, ಅದರ ಎದುರು ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು.

ಎಲ್ಲ ತೆಗೆದು ಮತ್ತೆ ಶುರು ಮಾಡಿದೆ. ಈ ಸಲ ಕಪಾಟನ್ನು ಎತ್ತುವ ಮೊದಲು ಅದರ ತಳದ ಅಳತೆಗೆ ಹಳೇ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿದೆ. ಮೂರು ಕಡೆ ಹಾಸಿ ನೋಡಿ, ಓಡಾಡಿದೆ. ಓಡಾಡಲು ಮೂರು ಅಡಿ ದಾರಿ ಎಲ್ಲೂ ಕಡಿಮೆ ಆಗಬಾರದು. ಹದಿನಾರು ಅಡಿ ಗೋಡೆ ಸರಿ ಬಂತು. ಅಲ್ಲಿ ಕಪಾಟು ಮುಚ್ಚುವುದು ನೂರಕ್ಕೆ 30 ಭಾಗ. ಬಾಗಿಲಿಂದ ನೋಡಿದರೆ ಅದರ ಮುಖ ಎದುರಾಗುವುದಿಲ್ಲ, ಬದಿಯಲ್ಲಿ ಓರೆಯಾಗಿ ಕಾಣುತ್ತದೆ. ಅದರೆದುರಿನ ಗೋಡೆಯಲ್ಲಿ ಕಿಟಕಿ ಇದೆ, ಹಾಗಾಗಿ ಬೆಳಕು ನೇರ ಮರದ ಮುಖಕ್ಕೆ ಬೀಳುತ್ತದೆ. ಮೊದಲು ಕಪ್ಪಾಗಿ ಕಾಣುತ್ತಿದ್ದ ಬೀಟೆಯಲ್ಲಿ ಈಗ ಕೆಂಪು, ನೇರಳೆ ಗೆರೆಗಳು ಕಾಣಿಸಿದವು.

ಆ ಗೋಡೆಯಲ್ಲೂ ಎಲ್ಲಿ ನಿಲ್ಲಿಸಬೇಕು? ಮೂಲೆಗೆ ಒತ್ತಿ ಇಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೆ ನೆನಪಾಗಿದ್ದು ಅಡ್ಡೆ ಹೊರುವವರು. ಎರಡು ತುದಿಯ ಹೊರೆ ಸಮ ಇಲ್ಲದಿದ್ದರೆ ಅವರು ಭಾರದ ಕಡೆಗೆ ಹೆಗಲು ಸರಿಸುತ್ತಾರೆ. ಭಾರದ್ದು ಹತ್ತಿರ, ಹಗುರದ್ದು ದೂರ. ಕೋಣೆಯಲ್ಲೂ ಹಾಗೆಯೇ. ಕಪಾಟನ್ನು ಒಳಮೂಲೆಯಿಂದ ಮೂರು ಅಡಿ ಈಚೆ, ಗೋಡೆಯ ನಡುವಿಗೆ ಹತ್ತಿರ ತಂದೆ. ಗೋಡೆಯ ಇನ್ನೊಂದು ತುದಿಯಲ್ಲಿ, ಬಾಗಿಲ ಕಡೆ, ಅಜ್ಜಿಯ ತಾಮ್ರದ ಹಂಡೆ ಇಟ್ಟು ಅದರೊಳಗೆ ಎದೆಮಟ್ಟದ ಒಂದೇ ಗಿಡ ಕೂರಿಸಿದೆ. ಹಂಡೆ ಕಪಾಟಿನ ಮುಂದೆ ಎಷ್ಟೋ ಚಿಕ್ಕದು. ಆದರೆ ನಡುವಿನಿಂದ ದೂರ ಇದೆ, ಗುಂಡಗಿದೆ, ಹೊಳೆಯುತ್ತದೆ. ಅಷ್ಟು ಸಾಕಾಯಿತು. ಇದಕ್ಕೆ ಪಕ್ಕಾ ಲೆಕ್ಕ ಇಲ್ಲ. ಹಂಡೆಯನ್ನು ಅರ್ಧರ್ಧ ಅಡಿ ಸರಿಸುತ್ತಾ, ಕಣ್ಣು ಅರ್ಧ ಮುಚ್ಚಿ ನೋಡುತ್ತಾ ನಿಲ್ಲಿಸಿದೆ.

ಗೋಡೆಗೆ ಒಣಗಿದ ಅಡಿಕೆ ಸಿಪ್ಪೆಯ ಬಣ್ಣ ಹೊಡೆಸಿದೆ, ಆ ಒಂದು ಗೋಡೆಗೆ ಮಾತ್ರ. ಕಪಾಟಿಗೂ ಗೋಡೆಗೂ ಇದ್ದ ವ್ಯತ್ಯಾಸ ಇಳಿಯಿತು, ಅಂಚುಗಳು ಮೆತ್ತಗಾದವು. ಹಿಂದೆ ನಾಲ್ಕು ಇಂಚು ಗಾಳಿಗೆ ಬಿಟ್ಟಿದ್ದೇನೆ. ನಮ್ಮ ಮಳೆಗಾಲದಲ್ಲಿ ಗೋಡೆಗೆ ಒತ್ತಿದ ಮರಕ್ಕೆ ಬೂಷ್ಟು ಬರದೆ ಇರುವುದಿಲ್ಲ.

ಇನ್ನು ಫೋಟೋಗಳು. ಎದುರಿನ ಗೋಡೆಗೆ ಆರು ಅಡಿಯ ಮರದ ಬೆಂಚು ಇದೆ. ಅದರ ಮೇಲಿನ ಗುಂಪು ಬೆಂಚಿನ ಮುಕ್ಕಾಲು ಅಗಲ ಇರಲಿ ಅಂತ ನಾಲ್ಕೂವರೆ ಅಡಿ ಇಟ್ಟುಕೊಂಡೆ. ಹನ್ನೊಂದನ್ನೂ ಮೊದಲು ನೆಲದ ಮೇಲೆ ಜೋಡಿಸಿದೆ. ದೊಡ್ಡದನ್ನು ನಡುವಿಗೆ ಹತ್ತಿರ ಇಟ್ಟು, ನಡುವೆ ಎರಡೇ ಇಂಚು ಬಿಟ್ಟೆ. ಎರಡು ಇಂಚಿಗೆ ಅವು ಒಂದೇ ವಸ್ತು ಆಗುತ್ತವೆ. ಗುಂಪಿನ ಕೆಳ ಅಂಚು ಬೆಂಚಿನ ಬೆನ್ನಿನಿಂದ ಎಂಟು ಇಂಚು ಮೇಲಿದೆ. ಇನ್ನೂ ಮೇಲೆ ಹೋದರೆ ಫೋಟೋಗಳು ಬೆಂಚನ್ನು ಬಿಟ್ಟು ತೇಲುತ್ತವೆ. ಬೊಂಬೆಗಳಲ್ಲಿ ಐದು ಮಾತ್ರ ಒಂದು ತಟ್ಟೆಯಲ್ಲಿ ಒಟ್ಟಿಗೆ ಇಟ್ಟೆ. ಉಳಿದವು ಕಪಾಟಿನ ಒಳಗಿವೆ. ಹಬ್ಬಕ್ಕೆ ಹೊರಗೆ ಬರುತ್ತವೆ. ನೆಲಕ್ಕೆ ಗಾಢ ಬಣ್ಣದ ಜಮಖಾನ ಹಾಸಿದ ಮೇಲೆ ಟೈಲ್ಸ್‌ನ ಪ್ರತಿಬಿಂಬವೂ ಹೋಯಿತು.

ಜುಲೈಯಲ್ಲಿ ಮಾತ್ರ ಸಮ ಮತ್ತೆ ತಪ್ಪುತ್ತದೆ. ಮೋಡ ಕವಿದು ಕಿಟಕಿಯ ಬೆಳಕು ಸತ್ತಾಗ ಬೀಟೆ ಮತ್ತೆ ಕಪ್ಪಾಗುತ್ತದೆ, ಹಂಡೆಯ ಹೊಳಪೂ ಇರುವುದಿಲ್ಲ. ಅದಕ್ಕೆ ಹಂಡೆಯ ಹಿಂದೆ ಹಳದಿ ಬೆಳಕಿನ ಒಂದು ದೀಪ ಇಟ್ಟಿದ್ದೇನೆ. ಮಳೆ ಹಿಡಿದ ದಿನ ಮೂರು ಗಂಟೆಗೇ ಅಮ್ಮ ಅದನ್ನು ಹಾಕುತ್ತಾರೆ.