ಲುಬ್ಧಕನ ಜೋಡಿಯಿಂದ ನಕ್ಷತ್ರದ ಪಾಠ

ನಾನು ಮೂಡಿಗೆರೆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಮೇಷ್ಟ್ರು. ನಕ್ಷತ್ರಗಳ ಪಾಠವನ್ನು ಜನವರಿಗೇ ಇಟ್ಟುಕೊಳ್ಳುತ್ತೇನೆ. ಆಗ ರಾತ್ರಿ ಎಂಟರ ಹೊತ್ತಿಗೆ ಮಹಾವ್ಯಾಧ ನಕ್ಷತ್ರಪುಂಜ ಮೇಲೇರಿರುತ್ತದೆ. ಮಕ್ಕಳು ಕಾಫಿ ಒಣಗಿಸುವ ಕಣದಲ್ಲಿ ನಿಂತು ತಲೆ ಎತ್ತಿದರೆ ಸಾಕು. ಆರಿದ್ರಾ ಅವರಿಗೆ ಮಳೆಯ ಹೆಸರಾಗಿ ಗೊತ್ತು. ಅದು ಮಹಾವ್ಯಾಧನ ಹೆಗಲ ಮೇಲಿನ ಕೆಂಪು ಚುಕ್ಕಿಯೂ ಹೌದು ಎಂದು ತೋರಿಸಿದರೆ ಮನೆಯ ಹಿರಿಯರೂ ನೋಡಲು ಹೊರಗೆ ಬರುತ್ತಾರೆ.

ಶುರು ಮಾಡುವುದು ಮೋಡದಿಂದ. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯ ನಡುವೆ, ಬೈನಾಕ್ಯುಲರ್ ಹಿಡಿದರೆ ಒಂದು ಮಬ್ಬು ಕಲೆ ಕಾಣುತ್ತದೆ. ಬೆಳದಿಂಗಳಿದ್ದರೆ ಮಂಕಾಗುತ್ತದೆ, ಅಮಾವಾಸ್ಯೆಯ ಆಸುಪಾಸಾದರೆ ಒಳ್ಳೆಯದು. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲದ ಮೋಡದಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಅನಿಲ ತನ್ನ ಗುರುತ್ವದಿಂದಲೇ ಕುಸಿಯುತ್ತದೆ, ಕುಸಿದಂತೆ ಕಾಯುತ್ತದೆ. ನಡುಭಾಗ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಆ ಶಾಖದ ಒತ್ತಡ ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಈ ಎಳೆದಾಟ ಸಮನಾಗಿರುವಷ್ಟು ಕಾಲ ನಕ್ಷತ್ರ ಬದುಕಿರುತ್ತದೆ.

ಎಷ್ಟು ಕಾಲ? ಇಲ್ಲಿಯೇ ಮಕ್ಕಳು ಎಡವುವುದು. ತೂಕ ಜಾಸ್ತಿ ಇದ್ದರೆ ಇಂಧನ ಜಾಸ್ತಿ, ಹಾಗಾಗಿ ಆಯುಸ್ಸೂ ಜಾಸ್ತಿ ಎಂದು ಹೆಚ್ಚು ಕಡಿಮೆ ಇಡೀ ತರಗತಿ ಹೇಳುತ್ತದೆ. ಅದನ್ನು ತಿದ್ದಲು ನಾನು ಬಳಸುವುದು ಲುಬ್ಧಕನನ್ನು, ಅಂದರೆ ರಾತ್ರಿ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರವನ್ನು. ಅದರ ತೂಕ ಸೂರ್ಯನ ಎರಡರಷ್ಟು, ಆದರೆ ಬೆಳಕು ಸುಮಾರು 25 ಪಟ್ಟು. ಹುಟ್ಟಿದಾಗ ಸೂರ್ಯನಲ್ಲಿ ಸುಮಾರು 1,000 ಕೋಟಿ ವರ್ಷ ಸಾಲುವಷ್ಟು ಇಂಧನವಿತ್ತು. ಇಂಧನ ಎರಡು ಪಟ್ಟಿದ್ದು ಖರ್ಚು 25 ಪಟ್ಟಾದರೆ? ಬೋರ್ಡಿನ ಮೇಲೆ ಅವರೇ ಲೆಕ್ಕ ಮಾಡುತ್ತಾರೆ: 80 ಕೋಟಿ ವರ್ಷ. ಇದು ಒರಟು ಲೆಕ್ಕ, ಆದರೆ ಭಾರದ ನಕ್ಷತ್ರ ಬೇಗ ಮುಗಿಯುತ್ತದೆ ಎಂಬುದು ಅವರ ಕೈಯಿಂದಲೇ ಬಂದಿರುತ್ತದೆ.

ಆಮೇಲೆ ಒಗಟು ಮುಂದಿಡುತ್ತೇನೆ. ಲುಬ್ಧಕ ಒಂಟಿಯಲ್ಲ. ಅದು ಸಾಗುವ ದಾರಿ ನೆಟ್ಟಗಿಲ್ಲದೆ ಓಲಾಡುವುದನ್ನು ಕಂಡ ಖಗೋಳವಿಜ್ಞಾನಿ ಬೆಸೆಲ್, ಕಾಣದ ಜೊತೆಗಾರನೊಬ್ಬ ಅದನ್ನು ಎಳೆಯುತ್ತಿದ್ದಾನೆ ಎಂದು 1844ರಲ್ಲಿ ಹೇಳಿದರು. 1862ರಲ್ಲಿ ದೂರದರ್ಶಕದಲ್ಲಿ ಅದು ಸಿಕ್ಕಿತು. ಅದೊಂದು ಶ್ವೇತಕುಬ್ಜ: ಸೂರ್ಯನಷ್ಟು ತೂಕ, ಭೂಮಿಯಷ್ಟು ಗಾತ್ರ. ಅದರ ಒಂದು ಘನ ಸೆಂಟಿಮೀಟರ್ ಎರಡು ಟನ್‌ಗೂ ಹೆಚ್ಚು ತೂಗುತ್ತದೆ. ಎರಡೂ ಒಟ್ಟಿಗೇ ಹುಟ್ಟಿದವು. ಈಗ ಹಗುರವಾಗಿರುವುದೇ ಮೊದಲು ಮುಗಿದದ್ದು ಹೇಗೆ?

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಅದು ಮೊದಲು ದೊಡ್ಡದಿತ್ತು, ಆಮೇಲೆ ಕಳ್ಕೊಂಡಿದೆ" ಅಂದಳು. ಅದೇ ಉತ್ತರ. ಅದು ಸೂರ್ಯನ ಸುಮಾರು ಐದು ಪಟ್ಟು ತೂಗುತ್ತಿತ್ತು. ಹೈಡ್ರೋಜನ್ ಮುಗಿದು ಕೆಂಪು ದೈತ್ಯವಾಗಿ ಉಬ್ಬಿ, ಹೊರಪದರವನ್ನೆಲ್ಲ ಬಾಹ್ಯಾಕಾಶಕ್ಕೆ ತೂರಿತು. ಉಳಿದ ತಿರುಳೇ ಶ್ವೇತಕುಬ್ಜ. ಅಲ್ಲಿ ಬೆಸುಗೆ ನಿಂತಿದೆ. ಒತ್ತೊತ್ತಾಗಿ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳೇ ಗುರುತ್ವವನ್ನು ತಡೆದು ನಿಲ್ಲಿಸಿವೆ.

ಆ ತಡೆಗೂ ಮಿತಿಯಿದೆ ಎಂದು ಲೆಕ್ಕ ಹಾಕಿದವರು ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್, 1930ರಲ್ಲಿ, ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಾ, 19ನೇ ವಯಸ್ಸಿನಲ್ಲಿ. ಇಂದು ನಾವು ಒಪ್ಪುವ ಮಿತಿ ಸೂರ್ಯನ ಸುಮಾರು 1.4 ಪಟ್ಟು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ನೋಡಲು ನನ್ನದೊಂದೇ ಪ್ರಶ್ನೆ: ಲುಬ್ಧಕ ಎರಡು ಸೂರ್ಯರಷ್ಟು ತೂಗುತ್ತದಲ್ಲ, ಹಾಗಾದರೆ ಅದು ಶ್ವೇತಕುಬ್ಜ ಆಗಲಾರದೇ? ಆಗಲಾರದು ಎಂದವರು ಹುಟ್ಟಿನ ತೂಕವನ್ನೂ ಉಳಿಯುವ ತಿರುಳಿನ ತೂಕವನ್ನೂ ಬೆರೆಸಿಕೊಂಡಿದ್ದಾರೆ. ಮಿತಿ ಇರುವುದು ತಿರುಳಿಗೆ. ಹುಟ್ಟುವಾಗ ಎಂಟು ಸೂರ್ಯರವರೆಗೆ ತೂಗುವ ನಕ್ಷತ್ರಗಳೂ ಕೊನೆಗೆ ಶ್ವೇತಕುಬ್ಜಗಳೇ.

ಅದಕ್ಕೂ ಮೇಲಿನದು ಆರಿದ್ರಾ. ಅಂಥದರ ಒಳಗೆ ಬೆಸುಗೆ ಕಬ್ಬಿಣದವರೆಗೆ ಸಾಗುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಹಾಗಾಗಿ ತಿರುಳು ಬೆಳೆದು ಮಿತಿ ದಾಟಿದೊಡನೆ ಸೆಕೆಂಡಿನೊಳಗೆ ಕುಸಿಯುತ್ತದೆ, ಹೊರಭಾಗ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಉಳಿದದ್ದು ಸಾಮಾನ್ಯವಾಗಿ ನ್ಯೂಟ್ರಾನ್ ನಕ್ಷತ್ರ. ಸುಮಾರು ಮೂರು ಸೂರ್ಯರಿಗಿಂತ ಭಾರವಾದರೆ ತಡೆಯುವುದು ಏನೂ ಇಲ್ಲ, ಅದು ಕಪ್ಪು ಕುಳಿ.

ಕಾಣದ್ದನ್ನು ಹೇಗೆ ನಂಬುವುದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಸೆಲ್ ಮಾಡಿದ ಹಾಗೆಯೇ. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1ರಲ್ಲಿ ಭಾರೀ ನೀಲಿ ನಕ್ಷತ್ರವೊಂದು ಸುಮಾರು ಐದೂವರೆ ದಿನಕ್ಕೊಮ್ಮೆ ಕಾಣದ ಜೊತೆಗಾರನ ಸುತ್ತ ತಿರುಗುತ್ತದೆ. ಆ ಓಲಾಟದಿಂದ ಜೊತೆಗಾರನ ತೂಕ ಸುಮಾರು 21 ಸೂರ್ಯರಷ್ಟು ಎಂದು ಗೊತ್ತಾಗಿದೆ. ಅದು ಶ್ವೇತಕುಬ್ಜವೇ, ನ್ಯೂಟ್ರಾನ್ ನಕ್ಷತ್ರವೇ, ಕಪ್ಪು ಕುಳಿಯೇ ಎಂಬುದನ್ನು ಅಷ್ಟು ಹೊತ್ತಿಗೆ ಅವರೇ ಹೇಳುತ್ತಾರೆ.