‘ಮೇಲಧಿಕಾರಿ’ ಎಂದರೆ ಯಾರು?

2022ರಲ್ಲಿ ನಾನು ಸುಮಾರು 40 ಜನರಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಜೊತೆಗೆ ಸಿಬ್ಬಂದಿ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದೆ. ಫೆಬ್ರುವರಿಯಲ್ಲಿ ಒಬ್ಬ ಆಪರೇಟರ್ ತಂಗಿಯ ಮದುವೆಗೆಂದು ಆರು ದಿನದ ಗಳಿಕೆ ರಜೆ ಕೇಳಿದ. ಹಿಂದಿನ ವರ್ಷ ಏಪ್ರಿಲ್ 1ರಂದು ಸೇರಿದವನು. ‘ನಿನಗಿನ್ನೂ ವರ್ಷ ತುಂಬಿಲ್ಲ’ ಎಂದು ಸೂಪರ್‌ವೈಸರ್ ಅರ್ಜಿ ಹಿಂತಿರುಗಿಸಿದರು. ಅವರ ಕೈಯಲ್ಲಿದ್ದ ಕೈಪಿಡಿಯ ಸಾಲು ಹೀಗಿತ್ತು: ‘ಒಂದು ವರ್ಷದ ಸೇವೆ ಪೂರೈಸಿದ ನೌಕರರು ಮೇಲಧಿಕಾರಿಗಳ ಪೂರ್ವಾನುಮತಿಯೊಂದಿಗೆ ರಜೆ ಪಡೆಯಬಹುದು. ವಿಶೇಷ ಸಂದರ್ಭಗಳಲ್ಲಿ ವಿನಾಯಿತಿ ಇರುತ್ತದೆ.’

ಸೂಪರ್‌ವೈಸರ್ ಓದಿದ್ದು ತಪ್ಪಲ್ಲ, ಸಾಲೇ ತಪ್ಪು. ಆಗ ನಮಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಮಿನಲ್ಲಿ ‘ಒಂದು ವರ್ಷದ ಸೇವೆ’ ಎಂಬ ಷರತ್ತೇ ಇರಲಿಲ್ಲ. ಲೆಕ್ಕ ಕ್ಯಾಲೆಂಡರ್ ವರ್ಷದ್ದು: ಜನವರಿಯಿಂದ ಡಿಸೆಂಬರ್‌ವರೆಗೆ 240 ದಿನ ಕೆಲಸ ಮಾಡಿದವರಿಗೆ ಮರುವರ್ಷ, ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ರಜೆ. ನಡುವೆ ಸೇರಿದವರು ಆ ವರ್ಷದಲ್ಲಿ ಉಳಿದ ದಿನಗಳ ಮೂರನೇ ಎರಡು ಭಾಗ ಕೆಲಸ ಮಾಡಿದ್ದರೆ ಸಾಕು. ಏಪ್ರಿಲ್ 1ರಿಂದ ಡಿಸೆಂಬರ್ 31ಕ್ಕೆ 275 ದಿನ, ಅದರ ಮೂರನೇ ಎರಡು ಭಾಗವೆಂದರೆ 184 ದಿನ. ಈತನ ಹಾಜರಿ 186. ಇಪ್ಪತ್ತರಿಂದ ಭಾಗಿಸಿದರೆ 9.3. ಅರ್ಧಕ್ಕಿಂತ ಕಡಿಮೆ ಇರುವುದನ್ನು ಬಿಡಬೇಕಾದ್ದರಿಂದ ಒಂಬತ್ತು ದಿನ. ಮದುವೆಗೆ ಹೋಗಿ ಬಂದ ಮೇಲೂ ಅವನ ಖಾತೆಯಲ್ಲಿ ಮೂರು ದಿನ ಉಳಿಯುತ್ತಿತ್ತು.

ಅರ್ಹತೆಯ ಭಾಗವನ್ನು ತಿದ್ದುವಾಗ ನಿಯಮದ ಕೆಳಗೆ ಈ ಲೆಕ್ಕವನ್ನೇ ಹೆಸರಿಲ್ಲದೆ ಮುದ್ರಿಸಿದೆ. ಇನ್ನೊಂದು ಲೆಕ್ಕವೂ ಬೇಕಾಯಿತು. ಹಿಂದಿನ ವರ್ಷ ಗಳಿಸಿದ ರಜೆಯನ್ನು ಈ ವರ್ಷ ಬಳಸಿದರೆ ಆ ದಿನಗಳು 240ನ್ನು ಮುಟ್ಟಲು ಲೆಕ್ಕಕ್ಕೆ ಬರುತ್ತಿದ್ದವು, ಆದರೆ ಹೊಸ ರಜೆಯನ್ನು ಗಳಿಸಿಕೊಡುತ್ತಿರಲಿಲ್ಲ. 232 ದಿನ ಕೆಲಸ ಮಾಡಿ 12 ದಿನ ರಜೆ ಪಡೆದವನು 244ರ ಬಲದಿಂದ ಅರ್ಹನಾಗುತ್ತಿದ್ದ, ಆದರೆ ಭಾಗಿಸಬೇಕಾಗಿದ್ದದ್ದು 232ನ್ನು. ಇದನ್ನು ಮಾತಿನಲ್ಲಿ ಎಷ್ಟು ಬಿಡಿಸಿ ಬರೆದರೂ ಓದಿದವರು ಹುಬ್ಬು ಗಂಟಿಕ್ಕುತ್ತಿದ್ದರು. ಎರಡು ಸಾಲಿನ ಲೆಕ್ಕ ತೋರಿಸಿದ ಮೇಲೆ ಯಾರೂ ಕೇಳಲಿಲ್ಲ.

ಅನುಮತಿಯ ಭಾಗ ಹೆಚ್ಚು ಜಗಳ ತಂದಿತು. ‘ಮೇಲಧಿಕಾರಿ’ ಯಾರೆಂದು ಮೂವರನ್ನು ಕೇಳಿದೆ, ಮೂರು ಉತ್ತರ ಬಂತು: ಪಾಳಿಯ ಸೂಪರ್‌ವೈಸರ್, ಪ್ರೊಡಕ್ಷನ್ ಮ್ಯಾನೇಜರ್, ನಾನು! ಹೊಸ ಪಠ್ಯದಲ್ಲಿ ಪ್ರತಿ ವಾಕ್ಯಕ್ಕೂ ಒಬ್ಬನೇ ಕರ್ತೃ ಇರಬೇಕೆಂದು ಹಟ ಹಿಡಿದೆ. ‘ಅರ್ಜಿಯನ್ನು ಪರಿಶೀಲಿಸಲಾಗುವುದು’ ಎಂಬಂಥ ಕರ್ಮಣಿ ಪ್ರಯೋಗಗಳನ್ನೆಲ್ಲ ಹೊಡೆದು ಹಾಕಿದೆ, ಏಕೆಂದರೆ ಅಲ್ಲಿ ಪರಿಶೀಲಿಸುವವನು ತಪ್ಪಿಸಿಕೊಂಡಿರುತ್ತಾನೆ. ನೌಕರ 15 ದಿನ ಮೊದಲು ಪಾಳಿಯ ಸೂಪರ್‌ವೈಸರ್‌ಗೆ ಅರ್ಜಿ ಕೊಡುತ್ತಾನೆ. ಸೂಪರ್‌ವೈಸರ್ ಮೂರು ಕೆಲಸದ ದಿನಗಳೊಳಗೆ ಒಪ್ಪಿಗೆಯನ್ನೋ ಕಾರಣ ಸಹಿತ ನಿರಾಕರಣೆಯನ್ನೋ ಬರೆಯುತ್ತಾನೆ. ಬರೆಯದಿದ್ದರೆ? ಒಪ್ಪಿದಂತೆ ಎಂದು ನಾನು ಬರೆದಿದ್ದೆ, ಮ್ಯಾನೇಜರ್ ಸುತರಾಂ ಒಪ್ಪಲಿಲ್ಲ. ಕೊನೆಗೆ, ಅರ್ಜಿ ತಾನಾಗಿಯೇ ಮ್ಯಾನೇಜರ್ ಬಳಿಗೆ ಹೋಗುತ್ತದೆ, ಅವರು ಎರಡು ದಿನದಲ್ಲಿ ನಿರ್ಧರಿಸುತ್ತಾರೆ ಎಂದಾಯಿತು. ನನಗೆ ಈಗಲೂ ಮೊದಲಿನದೇ ಸರಿ ಎನಿಸುತ್ತದೆ. ನಿರಾಕರಣೆಯನ್ನು ಬರಹದಲ್ಲೇ ಕೊಡಬೇಕೆಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ರಜೆಗೆ 30 ದಿನದ ಮಿತಿಯಿದ್ದರೂ, ನಿಯಮದಂತೆ ಕೇಳಿ ನಿರಾಕರಿಸಲ್ಪಟ್ಟ ರಜೆಗೆ ಕಾಯ್ದೆಯಲ್ಲಿ ಆ ಮಿತಿ ಇರಲಿಲ್ಲ. ಕಾಗದವಿಲ್ಲದೆ ಅದನ್ನು ಸಾಬೀತುಪಡಿಸುವುದು ಹೇಗೆ?

‘ವಿಶೇಷ ಸಂದರ್ಭ’ ಎಂಬ ಪದವನ್ನು ಕಿತ್ತುಹಾಕಿ, ಹಳೆಯ ಅರ್ಜಿಗಳ ಕಡತ ತೆಗೆದು ಜನ ನಿಜವಾಗಿ ಯಾವ ಕಾರಣಕ್ಕೆ ವಿನಾಯಿತಿ ಕೇಳಿದ್ದರೆಂದು ನೋಡಿದೆ. ಹೆಚ್ಚಿನವು ಸ್ವಂತ ಕಾಯಿಲೆ ಮತ್ತು ಮನೆಯಲ್ಲಿ ಸಾವು. ಕಾಯಿಲೆಯಾದವರಿಗೆ 15 ದಿನದ ಮುನ್ಸೂಚನೆ ಬೇಡವೆಂದು ಕಾಯ್ದೆಯೇ ಹೇಳಿತ್ತು. ಸಾವಿಗೆ ನಾವೇ ಅದನ್ನು ವಿಸ್ತರಿಸಿದೆವು: ಮೊದಲ ದಿನ ಫೋನ್ ಮಾಡಿದರೆ ಸಾಕು, ಅರ್ಜಿಯನ್ನು ಕೆಲಸಕ್ಕೆ ಮರಳಿದ ಮೇಲೆ ಕೊಟ್ಟರಾಯಿತು. ಯಾರ ಸಾವು ಎಂಬುದನ್ನೂ ಹೆಸರಿಸಿ ಬರೆದೆವು, ಅತ್ತೆ–ಮಾವ ಸೇರಿ.

ಮುದ್ರಣಕ್ಕೆ ಮುನ್ನ ಹಳೆಯ ಕಡತದಿಂದ ಎಂಟು ಪ್ರಕರಣ ಆರಿಸಿ, ಒಬ್ಬ ಸೂಪರ್‌ವೈಸರ್‌ಗೂ ಇಬ್ಬರು ಆಪರೇಟರ್‌ಗಳಿಗೂ ಕರಡು ಕೊಟ್ಟು ಬೇರೆ ಬೇರೆಯಾಗಿ ಉತ್ತರ ಬರೆಸಿದೆ. ಏಳರಲ್ಲಿ ಮೂವರದೂ ಒಂದೇ ಉತ್ತರ. ಎಂಟನೆಯದರಲ್ಲಿ ರಾತ್ರಿ ಪಾಳಿಯ ಆಪರೇಟರ್ ಬೇರೆ ಬರೆದಿದ್ದ. ಶನಿವಾರ ರಾತ್ರಿ ಹತ್ತಕ್ಕೆ ಶುರುವಾಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಮುಗಿಯುವ ಪಾಳಿಗೆ ಬರದಿದ್ದರೆ ಹೋಗುವುದು ಯಾವ ದಿನದ ರಜೆ ಎಂಬುದು ಅವನ ಪ್ರಶ್ನೆ. ಹಗಲು ಕೆಲಸ ಮಾಡುವ ನನಗೆ ಅದು ಹೊಳೆದೇ ಇರಲಿಲ್ಲ. ‘ಪಾಳಿ ಆರಂಭವಾಗುವ ದಿನಾಂಕವೇ ರಜೆಯ ದಿನಾಂಕ’ ಎಂಬ ಸಾಲು ಸೇರಿಸಿ, ಕರಡನ್ನು ಮತ್ತೊಮ್ಮೆ ಅವನ ಕೈಗೇ ಕೊಟ್ಟೆ.